ಇಪ್ಪತ್ತು ವರ್ಷದ ಮೇಲೆ ಗಣಿತ ಕಟ್ಟುವುದು

ಪ್ರಶ್ನೆ: ನನಗೆ 37 ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದೇ ಹೋಗಿತ್ತು. ಈಗ ಮತ್ತೆ ಕಟ್ಟಬೇಕು ಅಂತಿದ್ದೀನಿ. ದಿನಕ್ಕೆ ಒಂದು ಗಂಟೆ ಸಿಕ್ಕರೆ ಹೆಚ್ಚು. ಓದುವ ರೂಢಿಯೇ ಹೋಗಿದೆ. ಎಲ್ಲಿಂದ ಶುರು ಮಾಡಲಿ?

ನಾನೂ ನಲವತ್ತರ ಹತ್ತಿರ ಇದೇ ವಿಷಯ ಕಟ್ಟಿ ಪಾಸಾದವನು. ಮೊದಲು ನೀವು ಓದಿದ ಶಾಲೆಗೆ ಹೋಗಿ, ಈಗ ಯಾವ ಪಠ್ಯ, ಅರ್ಜಿ ಯಾವಾಗ ಅಂತ ಕೇಳಿ. ಹಳೇ ಗೈಡ್ ನಂಬಬೇಡಿ, ಪಠ್ಯ ಬದಲಾಗಿದೆ. ಈಗಿನ ಪುಸ್ತಕ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ಒಂದು ಗಂಟೆಯ ಲೆಕ್ಕ ಹಾಕಬೇಡಿ. ಬೆಳಿಗ್ಗೆ ನಲವತ್ತು ನಿಮಿಷ ಸಾಕು. ರಾತ್ರಿ ಕೆಲಸ ಮುಗಿಸಿ ಬಂದು ಗಣಿತ ಅಂದರೆ ತಲೆ ಓಡುವುದಿಲ್ಲ. ಮೊದಲ ಪಾಠದಿಂದ ಸಾಲಾಗಿ ಹೋಗುವುದೂ ಬೇಡ. ಹಳೇ ನೆನಪು ಕಡಿಮೆ ಬೇಡುವ ಪಾಠ ಹಿಡಿಯಿರಿ: ಸಮಾಂತರ ಶ್ರೇಢಿ, ಸಂಖ್ಯಾಶಾಸ್ತ್ರ, ಎರಡು ಸಮೀಕರಣಗಳ ನಕ್ಷೆ. ತ್ರಿಕೋನಮಿತಿ, ವೃತ್ತದ ಪ್ರಮೇಯ ಆಮೇಲೆ ನೋಡಿದರಾಯಿತು.

ನಕ್ಷೆಯನ್ನೇ ತಗೊಳ್ಳಿ. ಹಿಂದಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ 4 ಅಂಕಕ್ಕೆ ಬಂದಿರುವ ಲೆಕ್ಕ ಅದು. x + y = 5 ಮತ್ತು 2x − y = 4 ಕೊಟ್ಟಿದ್ದಾರೆ ಅನ್ನಿ. ಮೊದಲನೆಯದು ಸುಲಭ. x ಗೆ 0, 1, 2 ಹಾಕಿದರೆ y ಗೆ 5, 4, 3. ಎರಡನೆಯದರಲ್ಲಿ −y = 4 − 2x ಆಗುತ್ತದೆ. ಬಹಳ ಜನ ಎಡವುವುದು ಇಲ್ಲೇ. y ಮುಂದಿನ ಮೈನಸ್ ಮರೆತು y = 4 − 2x ಅಂತ ಬರೆದುಬಿಡುತ್ತಾರೆ. ಸರಿಯಾದದ್ದು y = 2x − 4.

ಮಜಾ ಏನೆಂದರೆ, ತಪ್ಪು ಬರೆದರೂ ಎರಡು ಗೆರೆ ಒಂದು ಕಡೆ ಸೇರುತ್ತವೆ, (−1, 6) ರಲ್ಲಿ. ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಸಿಕ್ಕ ಉತ್ತರವನ್ನು ಕೊಟ್ಟ ಸಮೀಕರಣಕ್ಕೇ ಹಾಕಿ ನೋಡಬೇಕು. −2 − 6 = −8. ನಮಗೆ 4 ಬೇಕಿತ್ತಲ್ವಾ? (3, 2) ಹಾಕಿದರೆ 6 − 2 = 4, ಸರಿ ಬಂತು. ಇಷ್ಟು ವರ್ಷ ಬಿಟ್ಟು ಬಂದವರಿಗೆ ಸೂತ್ರಕ್ಕಿಂತ ಈ ಪ್ಲಸ್-ಮೈನಸ್ಸೇ ಜಾಸ್ತಿ ಕಾಡುತ್ತದೆ. ಹಾಗಾದರೆ ಒಂದು ವಾರ ಬರೀ ಅದನ್ನೇ ಮಾಡಿ. ಏಳನೇ ಕ್ಲಾಸಿನ ಪುಸ್ತಕ ತೆಗೆದರೂ ನಾಚಿಕೆ ಬೇಡ.

ಇನ್ನೊಂದು ವಿಷಯ. ಯೂಟ್ಯೂಬಿನಲ್ಲಿ ಮೇಷ್ಟ್ರು ಮಾಡುವಾಗ ಎಲ್ಲಾ ಅರ್ಥವಾದಂತೆ ಇರುತ್ತದೆ. ಬಂತೋ ಇಲ್ಲವೋ ಗೊತ್ತಾಗುವುದು ಮಾರನೇ ದಿನ. ನಿನ್ನೆಯದೇ ಲೆಕ್ಕವನ್ನು ಪುಸ್ತಕ ಮುಚ್ಚಿ ಬರೆಯಿರಿ. ಎಲ್ಲಿ ನಿಲ್ಲುತ್ತೀರೋ ಆ ಸಾಲಿಗೆ ಗುರುತು ಹಾಕಿ, ಅಷ್ಟನ್ನು ಮಾತ್ರ ಮತ್ತೆ ನೋಡಿ. ದಿನದ ಮೊದಲ ಹತ್ತು ನಿಮಿಷ ಇದಕ್ಕೇ ಇರಲಿ. ಹೊಸ ಲೆಕ್ಕ ಎರಡೋ ಮೂರೋ ಆದರೆ ಸಾಕು. ತಪ್ಪಿದ ದಿನದ ಬಾಕಿಯನ್ನು ಮರುದಿನಕ್ಕೆ ಸೇರಿಸಬೇಡಿ, ಬಾಕಿ ಬೆಳೆದಷ್ಟೂ ಪುಸ್ತಕ ತೆಗೆಯುವ ಮನಸ್ಸು ಹೋಗುತ್ತದೆ.

ಪರೀಕ್ಷೆಗೆ ಎರಡು ತಿಂಗಳಿರುವಾಗ ಭಾನುವಾರ ಹಳೇ ಪತ್ರಿಕೆಯೊಂದನ್ನು ಗಡಿಯಾರ ಇಟ್ಟು ಪೂರ್ತಿ ಬರೆಯಿರಿ. ಫೋನಿನಲ್ಲಿ ಒತ್ತಿ ಅಭ್ಯಾಸವಾದ ಕೈ ಮುಕ್ಕಾಲು ಗಂಟೆಗೇ ನೋಯಲು ಶುರುವಾಗುತ್ತದೆ. ಅದು ಪರೀಕ್ಷಾ ಕೊಠಡಿಯಲ್ಲಿ ಮೊದಲ ಸಲ ಗೊತ್ತಾಗಬಾರದು.