ಹಿಮ್ಮಡಿಯ ನಾಲ್ಕು ಹನಿ ರಕ್ತ

“ಮಗು ಚೆನ್ನಾಗೇ ಇದೆ. ಆದ್ರೂ ಹಿಮ್ಮಡಿ ಚುಚ್ಚಿ ಥೈರಾಯ್ಡ್ ಟೆಸ್ಟ್ ಯಾಕೆ?”

ಹೊಟ್ಟೆಯಲ್ಲಿದ್ದಾಗ ಅಮ್ಮನ ಥೈರಾಯ್ಡ್ ಹಾರ್ಮೋನು ಸ್ವಲ್ಪ ಮಗುವಿಗೂ ಸಿಕ್ಕಿರುತ್ತದೆ. ಅದಕ್ಕೇ ಸ್ವಂತ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದ ಮಗುವೂ ಶುರುವಿನಲ್ಲಿ ಚೆನ್ನಾಗಿ ಕಾಣುತ್ತದೆ. ನಾಲಿಗೆ ದಪ್ಪವಾಗಿ, ಮಲಬದ್ಧತೆಯಾಗಿ ನಮಗೆ ಅನುಮಾನ ಬರುವಷ್ಟರಲ್ಲಿ ಮಿದುಳಿಗೆ ಪೆಟ್ಟು ಬಿದ್ದಿರುತ್ತದೆ. ಮೊದಲ ಮೂರು ವರ್ಷ ಮಿದುಳು ಬೆಳೆಯಲು ಈ ಹಾರ್ಮೋನು ಬೇಕೇ ಬೇಕು. ತಡವಾಗಿ ಔಷಧಿ ಕೊಟ್ಟರೆ ಎತ್ತರ ಸುಧಾರಿಸಬಹುದು, ಬುದ್ಧಿಯ ನಷ್ಟ ಪೂರ್ತಿ ತುಂಬುವುದಿಲ್ಲ.

ಹುಟ್ಟಿದ ಕೂಡಲೇ ಎಲ್ಲ ಮಕ್ಕಳಲ್ಲೂ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್ ಏರುತ್ತದೆ. ಹಾಗಾಗಿ 48 ಗಂಟೆ ಕಳೆದ ಮೇಲೆ ರಕ್ತ ತೆಗೆದರೆ ಒಳ್ಳೆಯದು. ಜಾಸ್ತಿ ಬಂದರೆ ಮತ್ತೆ ರಕ್ತ ತೆಗೆದು ಖಚಿತಪಡಿಸಿ, ಎರಡು ವಾರದೊಳಗೆ ಥೈರಾಯ್ಡ್ ಹಾರ್ಮೋನಿನ ಮಾತ್ರೆಯಾದ ಲೆವೊಥೈರಾಕ್ಸಿನ್ ಶುರು ಮಾಡುತ್ತಾರೆ. 3 ಕೆಜಿ ಮಗುವಿಗೆ ವೈದ್ಯರು ದಿನಕ್ಕೆ 37.5 ಮೈಕ್ರೋಗ್ರಾಂ ಬರೆದರೆ, 25ರ ಒಂದೂವರೆ ಮಾತ್ರೆ. ಪುಡಿ ಮಾಡಿ ಒಂದು ಚಮಚ ಎದೆಹಾಲಲ್ಲಿ ಕುಡಿಸಿ. ಬಾಟಲಿಗೆ ಹಾಕಬೇಡಿ, ಮಗು ಅರ್ಧ ಹಾಲು ಬಿಟ್ಟರೆ ಔಷಧಿಯೂ ಅಲ್ಲೇ ಉಳಿಯುತ್ತದೆ ಅಲ್ವಾ?