ಸೀಮೆಸುಣ್ಣದ ನೆಪ

*ಸಂಪಾದಕರಿಗೆ ನಮಸ್ಕಾರ. ನಾನು ಕೊಡಗಿನಲ್ಲಿ ಓದಿ ಬೆಳೆದ ಟ್ರಾನ್ಸ್‌ಜೆಂಡರ್ ಮಹಿಳೆ. ಹೈಸ್ಕೂಲಿನಲ್ಲಿ ಹುಡುಗರ ಶೌಚಾಲಯಕ್ಕೆ ಹೋಗಲು ಹೆದರಿ, ಬೆಳಗಿನಿಂದ ನೀರೇ ಕುಡಿಯದೆ ಕೂರುತ್ತಿದ್ದೆ. ನಮ್ಮ ಟೀಚರ್ ಒಬ್ಬರು ಮೂರನೇ ಪೀರಿಯಡ್ ಮುಗಿಯುವ ಹೊತ್ತಿಗೆ ದಿನವೂ "ಸ್ಟಾಫ್ ರೂಮಿನಿಂದ ಸೀಮೆಸುಣ್ಣ ತಾ" ಎಂದು ನನ್ನನ್ನೇ ಕಳುಹಿಸಿ, ಶಿಕ್ಷಕರ ಶೌಚಾಲಯದ ಬೀಗದ ಕೈಯನ್ನೂ ಕೊಡುತ್ತಿದ್ದರು. ಯಾಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಅವರು ನಿವೃತ್ತರು. ಅವರಿಗೆ ಬರೆದ ಪತ್ರವನ್ನು ಜೊತೆಗಿಟ್ಟಿದ್ದೇನೆ. ಕಳುಹಿಸಲೇ? ಹಳೆಯ ಹೆಸರು ಬರೆಯದಿದ್ದರೆ ಅವರಿಗೆ ಗುರುತು ಸಿಗುತ್ತದೆಯೇ? ನೀವು ಇದನ್ನು ಅಚ್ಚು ಹಾಕುತ್ತೀರಾ?*

*— ಹೆಸರು ಬೇಡ*

ಪ್ರಿಯ ಸೋದರಿ,

ಖಂಡಿತ ಕಳುಹಿಸಿ. ಆದರೆ ಈಗಿರುವಂತೆ ಬೇಡ. ಪತ್ರ ಚೆನ್ನಾಗಿಲ್ಲವೆಂದಲ್ಲ. ಅದರೊಳಗೆ ಮೂರು ಪತ್ರಗಳು ಸೇರಿಕೊಂಡಿವೆ. ಒಂದು ಟೀಚರಿಗೆ, ಇನ್ನೊಂದು ನಿಮ್ಮನ್ನು ಗೋಳಾಡಿಸಿದ ಡ್ರಿಲ್ ಮೇಷ್ಟರಿಗೆ, ಮತ್ತೊಂದು ಸರ್ಕಾರಿ ಕಚೇರಿಗೆ. ಟೀಚರಿಗೆ ಅವರ ಪಾಲಿನದಷ್ಟೇ ಹೋಗಲಿ.

ಮೇಷ್ಟರ ವಿಷಯ ಮೊದಲು ಮುಗಿಸಿಬಿಡೋಣ. ಎರಡನೇ ಪುಟದಲ್ಲಿ ನೀವು ಬರೆದದ್ದೆಲ್ಲ ನಿಜವೆಂದೇ ನಾನು ನಂಬುತ್ತೇನೆ. ಆದರೆ ಟೀಚರ್ ಆ ಮನುಷ್ಯನ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಕೂತವರು. ಈಗಲೂ ಮದುವೆ ಮನೆಯಲ್ಲೋ ಸಂತೆಯಲ್ಲೋ ಎದುರಾಗುವವರು. "ಅವರು ಹಾಗೆ, ನೀವು ಹೀಗೆ" ಎಂದು ಬರೆದರೆ, ನಿಮ್ಮ ಕೃತಜ್ಞತೆಯನ್ನು ಸ್ವೀಕರಿಸುವ ಮೊದಲು ಅವರು ಸಹೋದ್ಯೋಗಿಯ ಪರ ಒಂದು ಮಾತು ಹೇಳಬೇಕಾಗುತ್ತದೆ, ಇಲ್ಲವೇ ಆಗ ತಾವೇಕೆ ತಡೆಯಲಿಲ್ಲವೆಂದು ನೊಂದುಕೊಳ್ಳಬೇಕಾಗುತ್ತದೆ. ಆ ಪುಟವನ್ನು ತೆಗೆದಿಡಿ. ಅದಕ್ಕೆ ಬೇರೆ ಜಾಗ ಸಿಕ್ಕೀತು.

ನಿಮ್ಮ ಪತ್ರದ ಜೀವ ಇರುವುದು ಬೀಗದ ಕೈಯ ಎಂಟು ಸಾಲುಗಳಲ್ಲಿ. ಮರದ ತುಂಡಿಗೆ ಕಟ್ಟಿದ ಕೀಲಿ, ಮಳೆಗಾಲದಲ್ಲಿ ಉಬ್ಬಿ ಅಂಟಿಕೊಳ್ಳುತ್ತಿದ್ದ ಬಾಗಿಲು, ಹಿಂದಿರುಗುವಾಗ ಕೈಯಲ್ಲಿ ಎರಡು ಸೀಮೆಸುಣ್ಣ ಇರಲೇಬೇಕೆಂಬ ಎಚ್ಚರ. ಆ ಟೀಚರ್ ಮಾಡಿದ್ದರ ಜಾಣತನವೂ ಅಲ್ಲೇ ಇದೆ. ಅವರು ನಿಮ್ಮನ್ನು ಕರೆದು "ನಿನಗೆ ಹುಡುಗರ ಕಡೆ ಹೋಗಲು ಭಯವೇ?" ಎಂದು ಕೇಳಿದ್ದರೆ ನೀವು ಇಲ್ಲವೆನ್ನುತ್ತಿದ್ದಿರಿ. ತರಗತಿಯ ಮುಂದೆ ಅನುಮತಿ ಕೊಟ್ಟಿದ್ದರೆ ಅದೊಂದು ಹೊಸ ಅಡ್ಡಹೆಸರಾಗುತ್ತಿತ್ತು. ಕೆಲಸ ಹೇಳಿ ಕಳುಹಿಸಿದ್ದರಿಂದ ಉಳಿದವರ ಕಣ್ಣಿಗೆ ನೀವು ಟೀಚರ್ ನೆಚ್ಚಿಕೊಂಡ ವಿದ್ಯಾರ್ಥಿ, ಅಷ್ಟೆ. ಅದೂ ಟ್ರಾನ್ಸ್‌ಜೆಂಡರ್ ಜನರ ಲಿಂಗತ್ವವನ್ನು ಮಾನ್ಯ ಮಾಡಿದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪಿಗೆ ಮುಂಚಿನ ಮಾತು. ಶಿಕ್ಷಕಿ ಬೊಟ್ಟು ಮಾಡಿ ತೋರಿಸಬಹುದಾದ ಸುತ್ತೋಲೆಯಿರಲಿ, ಇಂಥ ಮಗುವನ್ನು ಏನೆಂದು ಕರೆಯಬೇಕೆಂಬ ತಿಳಿವಳಿಕೆಯೂ ಶಾಲೆಗಳಲ್ಲಿ ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಒಂದು ಕೀಲಿ, ಒಂದು ನೆಪ.

ಹಾಗಾಗಿ "ನೀವು ನನ್ನೊಳಗಿನ ಹೆಣ್ಣನ್ನು ಗುರುತಿಸಿದಿರಿ" ಎಂಬ ಸಾಲನ್ನು ನಾನು ಹೊಡೆದುಹಾಕಿದ್ದೇನೆ. ಅವರು ಗುರುತಿಸಿದ್ದರೋ ಇಲ್ಲವೋ ನಮಗೆ ಗೊತ್ತಿಲ್ಲ. ಯಾರಿಗೋ ಹೆದರಿ ನೀರು ಕುಡಿಯದ ಒಂದು ಮಗು ಅವರ ಕಣ್ಣಿಗೆ ಬಿದ್ದಿರಬಹುದು, ಅಷ್ಟೇ ಇರಬಹುದು. ಅದಕ್ಕೂ ಧನ್ಯವಾದ ಸಲ್ಲುತ್ತದೆ. ಅವರು ಮಾಡಿದ್ದನ್ನು ಬರೆಯಿರಿ, ಅವರು ತಿಳಿದುಕೊಂಡಿದ್ದರೆಂದು ನೀವು ಊಹಿಸಿದ್ದನ್ನು ಬೇಡ. "ನೀವಿಲ್ಲದಿದ್ದರೆ ನಾನು ಬದುಕುತ್ತಲೇ ಇರಲಿಲ್ಲ" ಎಂಬುದನ್ನೂ ಬಿಡಿ. ವಯಸ್ಸಾದ ಹೆಂಗಸು ಅದನ್ನು ಓದಿ ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ. ಅದರ ಬದಲು ಹೀಗೆ ಬರೆಯಬಹುದು: "ಆ ಕೀಲಿಯಿಂದಾಗಿ ನಾನು ಮಧ್ಯಾಹ್ನದ ಮೇಲೂ ತರಗತಿಯಲ್ಲಿ ಕೂತೆ. ಶಾಲೆ ಬಿಡಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದೆ." 2021ರಲ್ಲಿ ನಮ್ಮ ರಾಜ್ಯ ಸರ್ಕಾರ ನೇರ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇ 1ರಷ್ಟು ಮೀಸಲಾತಿ ಕೊಟ್ಟಿತಲ್ಲ, ನಡುವೆಯೇ ಶಾಲೆ ಬಿಟ್ಟವರ ಪೈಕಿ ಎಷ್ಟೋ ಮಂದಿಗೆ ಅರ್ಜಿ ಹಾಕಲು ಬೇಕಾದ ಅಂಕಪಟ್ಟಿಯೇ ಇರಲಿಲ್ಲ. ನಿಮ್ಮಲ್ಲಿ ಇತ್ತು. ಈಗಿನ ನಿಮ್ಮ ಕೆಲಸದ ಬಗ್ಗೆ ಒಂದು ಸಾಲು ಸೇರಿಸಿ. ಟೀಚರುಗಳು ಮೊದಲು ಹುಡುಕುವುದು ಅದನ್ನೇ.

ಇನ್ನು ಗುರುತಿನ ಪ್ರಶ್ನೆ. ಹಳೆಯ ಹೆಸರು ಬರೆಯಲೇಬೇಕೆಂದಿಲ್ಲ. ಮೂವತ್ತು ವರ್ಷ ಪಾಠ ಮಾಡಿದವರಿಗೆ ಮಕ್ಕಳ ಹೆಸರು ಮರೆತರೂ ಬೆಂಚು ನೆನಪಿರುತ್ತದೆ. ಯಾವ ಸಾಲಿನಲ್ಲಿ ಕೂತಿದ್ದಿರಿ, ನಿಮ್ಮ ಅಕ್ಕ ಎಷ್ಟು ವರ್ಷ ಮುಂದಿದ್ದಳು, ತಂದೆ ಯಾವ ತೋಟದಲ್ಲಿ ರೈಟರ್ ಆಗಿದ್ದರು, ಬಸ್ಸು ತಪ್ಪಿದ ದಿನ ನೆನೆದ ಬಟ್ಟೆಯಲ್ಲೇ ಪರೀಕ್ಷೆ ಬರೆದದ್ದು. ಇವುಗಳಲ್ಲಿ ಎರಡು ಸಾಕು. ಕೆಳಗೆ ಈಗಿನ ಹೆಸರಿನ ಸಹಿ ಹಾಕಿ. "ನಾನು ಈಗ ಹೆಣ್ಣಾಗಿ ಬದುಕುತ್ತಿದ್ದೇನೆ" ಎಂದು ನೇರವಾಗಿ ಒಂದೇ ವಾಕ್ಯದಲ್ಲಿ ಹೇಳಿ. ಅದಕ್ಕೆ ಕ್ಷಮೆಯೂ ಬೇಡ, ವಿವರಣೆಯೂ ಬೇಡ.

ಒಂದು ವಿಷಯ ನೀವು ಯೋಚಿಸಿದಂತಿಲ್ಲ. ಟೀಚರಿಗೆ ಕಣ್ಣು ಮಂಜಾಗಿದೆಯೆಂದು ನೀವೇ ಬರೆದಿದ್ದೀರಿ. ಹಾಗಾದರೆ ಪತ್ರವನ್ನು ಒಡೆದು ಗಟ್ಟಿಯಾಗಿ ಓದುವವರು ಸೊಸೆಯೋ ಮೊಮ್ಮಗನೋ ಆಗಿರುತ್ತಾರೆ. ಹಜಾರದಲ್ಲಿ ಕೂತು ಯಾರು ಓದಿದರೂ ನಿಮಗಾಗಲಿ ಅವರಿಗಾಗಲಿ ಮುಜುಗರ ಆಗದಂಥ ಪತ್ರ ಇರಬೇಕು. ಶಸ್ತ್ರಚಿಕಿತ್ಸೆಯ ಪ್ಯಾರಾವನ್ನು ನಾನು ಅದಕ್ಕಾಗಿಯೇ ತೆಗೆದೆ. ಮುಂದೊಮ್ಮೆ ಅವರೇ ಕೇಳಿದರೆ, ನಿಮಗೆ ಮನಸ್ಸಿದ್ದರೆ ಹೇಳಿ. ಹಾಗೆಯೇ, ಶಾಯಿ ಪೆನ್ನು ಬೇಡ, ಬಾಲ್ ಪೆನ್ನಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆಷಾಢದ ಮಳೆಯಲ್ಲಿ ಮಡಿಕೇರಿ ಕಡೆಗೆ ಹೋದ ಕಾಗದ ಯಾವ ಸ್ಥಿತಿಯಲ್ಲಿ ಮುಟ್ಟುತ್ತದೆಂದು ಅಲ್ಲಿಯವರಾದ ನಿಮಗೆ ನಾನು ಹೇಳಬೇಕೇ?

ಕೊನೆಯ ಪುಟದಲ್ಲಿ ಅಂಕಪಟ್ಟಿಯ ಹೆಸರು ತಿದ್ದಿಸಲು ಅವರ ಸಹಾಯ ಕೇಳಿದ್ದೀರಿ. ಅದು ಈ ಪತ್ರಕ್ಕೆ ಸಲ್ಲದು. ಕೃತಜ್ಞತೆಯ ಬಾಲಕ್ಕೆ ಒಂದು ಬೇಡಿಕೆ ಕಟ್ಟಿದರೆ, ಓದಿದವರಿಗೆ ಇಡೀ ಪತ್ರ ಅದಕ್ಕಾಗಿಯೇ ಬಂತೆನ್ನಿಸುತ್ತದೆ. ಅಲ್ಲದೆ ನಿವೃತ್ತ ಶಿಕ್ಷಕಿ ಅದರಲ್ಲಿ ಮಾಡುವಂಥದ್ದೇನೂ ಇಲ್ಲ. ಜಿಲ್ಲಾಧಿಕಾರಿಯವರು ಕೊಟ್ಟ ಗುರುತಿನ ಪ್ರಮಾಣಪತ್ರ ನಿಮ್ಮ ಕೈಯಲ್ಲಿದೆ. ಅಧಿಕೃತ ದಾಖಲೆಗಳಲ್ಲಿ ಲಿಂಗತ್ವವನ್ನು ಅದರಂತೆ ನಮೂದಿಸಬೇಕೆಂದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. ಅದರ ಪ್ರತಿಯೊಂದಿಗೆ ಈಗಿನ ಮುಖ್ಯಶಿಕ್ಷಕರಿಗೆ ಪ್ರತ್ಯೇಕ ಅರ್ಜಿ ಬರೆದು, ಪರೀಕ್ಷಾ ಮಂಡಳಿಗೆ ಕಳುಹಿಸುವಂತೆ ಕೇಳಿ. ಕೊಟ್ಟದ್ದಕ್ಕೆ ಸ್ವೀಕೃತಿ ಸಹಿ ತೆಗೆದುಕೊಳ್ಳಿ.

ಅಚ್ಚು ಹಾಕುವ ಮಾತು. ಟೀಚರಿಗೆ ಬರೆದ ಪತ್ರವನ್ನು ಈಗ ಹಾಕುವುದಿಲ್ಲ. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ ಮಾತ್ರ, ರಾಜ್ಯದಲ್ಲೇ ಅತಿ ಕಡಿಮೆ. ಹೆಸರು ಮುಚ್ಚಿಟ್ಟು ತಾಲ್ಲೂಕು, ವರ್ಷ, ಅವರು ಕಲಿಸುತ್ತಿದ್ದ ವಿಷಯ ಇಷ್ಟನ್ನು ಉಳಿಸಿಕೊಂಡರೂ ಗೋಣಿಕೊಪ್ಪದ ಬಸ್ಸಿನಲ್ಲಿ ಕೂತವರು ಸಂಜೆಯೊಳಗೆ ಮನೆ ಪತ್ತೆ ಮಾಡಿಬಿಡುತ್ತಾರೆ. ಮೇಲೆ ಪ್ರಕಟವಾಗಿರುವ ನಿಮ್ಮ ಪ್ರಶ್ನೆಯಿಂದ ಆ ಮೂರನ್ನೂ ತೆಗೆದಿದ್ದೇನೆ, ಈ ಉತ್ತರದಲ್ಲಿರುವ ಗುರುತುಗಳನ್ನೂ ಬದಲಿಸಿದ್ದೇನೆ. ಯಾರಿಗೂ ತಿಳಿಯದಂತೆ ಅವರು ಮಾಡಿದ್ದನ್ನು ಅವರನ್ನು ಕೇಳದೆ ಊರಿಗೆಲ್ಲ ಸಾರುವುದು ನನಗೆ ಸರಿಕಾಣುವುದಿಲ್ಲ.

ಉತ್ತರ ಕೊಡಿ ಎಂದು ಅವರನ್ನು ಕೇಳಬೇಡಿ, ಫೋನ್ ನಂಬರ್ ಬರೆದಿಡಿ, ಸಾಕು. "ನನಗೆ ಆ ಕೀಲಿಯ ಸಂಗತಿ ನೆನಪೇ ಇಲ್ಲವಲ್ಲಮ್ಮ" ಎಂದೂ ಅವರು ಹೇಳಬಹುದು. ಅದಕ್ಕೆ ಮನಸ್ಸನ್ನು ಸಿದ್ಧ ಮಾಡಿಕೊಳ್ಳಿ. ತಿದ್ದಿದ ಪ್ರತಿ ಒಂದೂವರೆ ಪುಟಕ್ಕೆ ಇಳಿದಿದೆ. ನಿಮ್ಮ ಮೂಲ ಹಾಳೆಗಳ ಜೊತೆ ಅದನ್ನೂ ನಾಳೆಯ ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ನಮ್ಮಲ್ಲಿ ಪ್ರತಿ ಉಳಿಸಿಕೊಂಡಿಲ್ಲ. ಟೀಚರ್ ಒಪ್ಪಿ, ನಿಮಗೂ ಬೇಕೆನ್ನಿಸಿದರೆ ಆಗ ಮತ್ತೆ ಕಳುಹಿಸಿ.

— ಸಂಪಾದಕ