ಹಳೇ ಮಾಡೆಲ್ ಸ್ಟಾಕಿನ ಬೆಲೆ ಇಳಿಸುವುದು: 400 ಚಾರ್ಜರ್‌ಗಳ ಲೆಕ್ಕ

ಪ್ರಶ್ನೆ: ಹಳೇ ಮಾಡೆಲ್ ಸ್ಟಾಕ್ ಗೋಡೌನಿನಲ್ಲಿ ಸುಮ್ನೆ ಬಿದ್ದಿದೆ. ಅಸಲು ಬೆಲೆ, ಎನ್‌ಆರ್‌ವಿ, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಇಳಿಸಬೇಕಂತೆ. ಹೇಗೆ ಇಳಿಸೋದು? ಒಂದು ಲೆಕ್ಕ ಮಾಡಿ ತೋರಿಸ್ತೀರಾ?

ಎನ್‌ಆರ್‌ವಿ ಅಂದ್ರೆ ಸರಕು ಮಾರಿದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವ ದುಡ್ಡು. ಮಾಮೂಲಿ ವ್ಯಾಪಾರದಲ್ಲಿ ಸಿಗಬಹುದಾದ ಬೆಲೆಯಿಂದ, ಸರಕನ್ನು ಮಾರುವ ಸ್ಥಿತಿಗೆ ತರುವ ಖರ್ಚನ್ನೂ ಮಾರಾಟದ ಖರ್ಚನ್ನೂ ಕಳೆಯಬೇಕು. ಸುಮಾರು ಜನ ತಪ್ಪುವುದು ಇಲ್ಲೇ. ಮಾರುವ ಬೆಲೆಯನ್ನೇ ಎನ್‌ಆರ್‌ವಿ ಅಂದುಕೊಂಡು ಬಿಡುತ್ತಾರೆ.

ಚಾರ್ಜರ್‌ಗಳನ್ನೇ ತಗೊಳ್ಳೋಣ. ಹಳೇ ಪಿನ್ನಿನವು 400 ಇವೆ. ಒಂದರ ಅಸಲು 600, ಅಂದರೆ ಪುಸ್ತಕದಲ್ಲಿ 2,40,000. ಹೊಸ ಫೋನುಗಳಿಗೆ ಆ ಪಿನ್ ಹೊಂದುವುದಿಲ್ಲ. ಈಗ ಒಂದಕ್ಕೆ 520 ಸಿಕ್ಕರೆ ಹೆಚ್ಚು. ಅದಕ್ಕೂ ಡಬ್ಬಿ ಬದಲಿಸಲು 30 ಬೇಕು, ಏಜೆಂಟರ ಕಮಿಷನ್ 5% ಅಂದರೆ 26, ಸಾಗಣೆಗೆ 14. ಒಟ್ಟು 70 ಕಳೆದರೆ ಎನ್‌ಆರ್‌ವಿ 450. ಅಸಲಿಗಿಂತ 150 ಕಡಿಮೆ.

ಹಾಗಂತ 400 ಅನ್ನು 150ರಿಂದ ಗುಣಿಸಿ 60,000 ಇಳಿಸಿಬಿಡಬೇಡಿ. ಮೊದಲು ಆರ್ಡರ್ ಫೈಲ್ ತೆಗೆದು ನೋಡಿ. ಹಳೇ ಗಿರಾಕಿಯೊಬ್ಬರು 100 ಚಾರ್ಜರ್‌ಗಳಿಗೆ 800ರಂತೆ ಪಕ್ಕಾ ಒಪ್ಪಂದ ಮಾಡಿಕೊಂಡಿದ್ದಾರೆ ಅಂತಿಟ್ಟುಕೊಳ್ಳಿ. ಅವರಿಗೆ ಹಳೇ ಡಬ್ಬಿಯೇ ಸಾಕು. ಕಮಿಷನ್ 40, ಸಾಗಣೆ 14 ಕಳೆದರೆ 746 ಉಳಿಯುತ್ತದೆ. ಅಸಲಿಗಿಂತ ಜಾಸ್ತಿ, ಹಾಗಾಗಿ ಆ 100 ಅಸಲು ಬೆಲೆಯಲ್ಲೇ ಇರುತ್ತವೆ. ಇಳಿಸಬೇಕಾದದ್ದು ಬಾಕಿ 300 ಮಾತ್ರ: 300ಕ್ಕೆ 150ರಂತೆ 45,000. ಸ್ಟಾಕಿನ ಲೆಕ್ಕಕ್ಕಿರುವ ಅಂತರರಾಷ್ಟ್ರೀಯ ನಿಯಮ ಐಎಎಸ್ 2 ಹೇಳುವುದೂ ಇದನ್ನೇ. ಒಪ್ಪಂದ ಆಗಿರುವಷ್ಟು ಸರಕಿಗೆ ಒಪ್ಪಂದದ ಬೆಲೆ, ಅದಕ್ಕಿಂತ ಹೆಚ್ಚಿರುವ ಸರಕಿಗೆ ಮಾರುಕಟ್ಟೆ ಬೆಲೆ.

ಎಂಟ್ರಿ ಸುಲಭ. ಸ್ಟಾಕ್ ಇಳಿಕೆ ಖರ್ಚಿಗೆ 45,000 ಡೆಬಿಟ್, ಸ್ಟಾಕ್ ಇಳಿಕೆ ಪ್ರಾವಿಷನ್‌ಗೆ, ಅಂದರೆ ಸ್ಟಾಕಿನ ಅಸಲಿನಿಂದ ಕಳೆದು ತೋರಿಸಲು ಇಡುವ ಖಾತೆಗೆ, 45,000 ಕ್ರೆಡಿಟ್. ಬ್ಯಾಲೆನ್ಸ್ ಶೀಟಿನಲ್ಲಿ ಸ್ಟಾಕ್ 1,95,000 ಆಗುತ್ತದೆ. ಗೋಡೌನಿನಲ್ಲಿರುವ ಬೇರೆ ಸರಕಿಗೆ ಒಳ್ಳೇ ಲಾಭ ಬರುತ್ತದೆ, ಅದರಲ್ಲಿ ಇದು ಸರಿಹೋಗುತ್ತೆ ಅನ್ನುವ ವಾದ ನಡೆಯುವುದಿಲ್ಲ. ಲೆಕ್ಕ ಸಾಮಾನ್ಯವಾಗಿ ಒಂದೊಂದು ಐಟಮ್‌ಗೂ ಬೇರೆ ಬೇರೆ.

450 ಅನ್ನೋ ಅಂಕಿ ಎಲ್ಲಿಂದ ಬಂತು ಅಂತ ಆಡಿಟರ್ ಕೇಳೇ ಕೇಳುತ್ತಾರೆ, ಅಲ್ವಾ? ವರ್ಷ ಮುಗಿದ ಮೇಲೆ, ಲೆಕ್ಕಪತ್ರಕ್ಕೆ ಸಹಿ ಬೀಳುವ ಮೊದಲು ಆದ ಮಾರಾಟದ ಬಿಲ್ಲುಗಳಿಗಿಂತ ಒಳ್ಳೇ ಪುರಾವೆ ಇಲ್ಲ. ನಾನು ಶುರುವಿನಲ್ಲಿ ಕೆಲಸ ಮಾಡಿದ ಕಡೆ, ವರ್ಷ ದಾಟಿದ ಸರಕಿಗೆಲ್ಲ ಕಣ್ಣುಮುಚ್ಚಿ 50% ಇಳಿಸುತ್ತಿದ್ದೆವು. ಚೆನ್ನಾಗಿ ಓಡುವ ಬಿಡಿಭಾಗಕ್ಕೂ ಅದೇ ಶಿಕ್ಷೆ, ನಿನ್ನೆ ಬಂದರೂ ಯಾರಿಗೂ ಬೇಡವಾದ ಮಾಡೆಲ್‌ಗೆ ಮಾಫಿ. ಸರಕು ಹಳತಾಗಿದೆ ಅನ್ನುವುದು ಅದನ್ನು ಒಮ್ಮೆ ನೋಡಿ ಅಂತ ಹೇಳುತ್ತದೆ, ಅಷ್ಟೇ. ಎಷ್ಟು ಇಳಿಸಬೇಕು ಅಂತ ಅದು ಹೇಳುವುದಿಲ್ಲ.

ನಿಜವಾದ ಎಡವಟ್ಟು ಆಗುವುದು ಮುಂದಿನ ವರ್ಷ. ಇಳಿಸಿದ 300ರಲ್ಲಿ 250 ಮಾರಾಟವಾದವು ಅನ್ನಿ. ಸ್ಟಾಕಿನಿಂದ ಹೊರಹೋಗುವ ಅಸಲು 1,50,000. ಆ 250ರ ಪ್ರಾವಿಷನ್ 37,500 ಅನ್ನೂ ಜೊತೆಗೇ ತೆಗೆಯಬೇಕು. ಆಗ ಮಾರಾಟದ ಅಸಲು 1,12,500 ಆಗುತ್ತದೆ. ಬಂದ ದುಡ್ಡು 1,30,000, ಖರ್ಚು 17,500. ಲಾಭ ಸೊನ್ನೆ. ಅಂದಾಜು ಸರಿಯಾಗಿದ್ದರೆ ಸೊನ್ನೆಯೇ ಬರಬೇಕು, ಯಾಕೆಂದರೆ ನಷ್ಟವನ್ನು ಹೋದ ವರ್ಷವೇ ನುಂಗಿದ್ದೀರಿ. ಪ್ರಾವಿಷನ್ ತೆಗೆಯುವುದನ್ನು ಮರೆತರೆ ಅದೇ 37,500 ಮತ್ತೊಮ್ಮೆ ನಷ್ಟವಾಗಿ ಕಾಣುತ್ತದೆ. ನಾನೂ ಒಮ್ಮೆ ಹೀಗೆ ಮರೆತಿದ್ದೆ. ಗೋಡೌನಿನಲ್ಲಿ ಒಂದು ಪೀಸೂ ಇಲ್ಲ, ಖಾತೆಯಲ್ಲಿ ಮಾತ್ರ ಪ್ರಾವಿಷನ್ ಹಾಗೇ ಕೂತಿತ್ತು. ಅದಕ್ಕೇ ಪ್ರಾವಿಷನ್ ಪಟ್ಟಿಯನ್ನು ಐಟಮ್ ಕೋಡ್ ಮತ್ತು ಪೀಸುಗಳ ಸಂಖ್ಯೆ ಹಾಕಿಯೇ ಇಡಿ. ಒಟ್ಟು ಮೊತ್ತ ಮಾತ್ರ ಬರೆದಿಟ್ಟರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಉಳಿದ 50ಕ್ಕೆ ಪ್ರಾವಿಷನ್ 7,500 ಇದೆ. ಅಪರೂಪಕ್ಕೆ ಬೇಡಿಕೆ ಬಂದು ಬೆಲೆ 700 ಆದರೆ? ಡಬ್ಬಿ 30, ಕಮಿಷನ್ 35, ಸಾಗಣೆ 14 ಕಳೆದು ಎನ್‌ಆರ್‌ವಿ 621. ಐಎಎಸ್ 2 ಪ್ರಕಾರ ಇಳಿಸಿದ್ದನ್ನು ವಾಪಸ್ ಏರಿಸಲೇಬೇಕು, ಆದರೆ ಅಸಲು 600ರ ತನಕ ಮಾತ್ರ. ಅಂದರೆ 7,500 ಪೂರ್ತಿ ವಾಪಸ್, ಮೇಲಿನ 21ರ ಲಾಭ ಮಾರಿದಾಗಲೇ. ಅಮೆರಿಕದ ಲೆಕ್ಕಪತ್ರ ನಿಯಮವಾದ ಯುಎಸ್ ಗ್ಯಾಪ್ ಪಾಲಿಸುವ ಕಂಪನಿ ನಿಮ್ಮದಾದರೆ ಹೀಗೆ ಏರಿಸುವ ಹಾಗೇ ಇಲ್ಲ. ಅಲ್ಲಿ ಒಮ್ಮೆ ಇಳಿಸಿದ 450ಯೇ ಹೊಸ ಅಸಲು.